ತಿಂಗಳ ಕೊನೆಗೆ ಬಿಲ್ ಕೇಳುವ ಮೇಲ್: ಹದಿನೆಂಟು ಸಾಲನ್ನು ಆರಕ್ಕೆ ಇಳಿಸಿದ್ದು ಹೇಗೆ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳು 25ರ ಸುಮಾರಿಗೆ ಎಲ್ಲ ವಿಭಾಗಕ್ಕೂ ಒಂದು ಮೇಲ್ ಹೋಗುತ್ತಿತ್ತು. ಹದಿನೆಂಟು ಸಾಲು. ಹಿಂದಿನವರು ಬರೆದಿಟ್ಟದ್ದು, ನಾನು ತಿಂಗಳ ಹೆಸರು ಮಾತ್ರ ಬದಲಾಯಿಸಿ ಕಳಿಸುತ್ತಿದ್ದೆ. ‘ಎಲ್ಲ ಬಾಕಿ ಬಿಲ್‌ಗಳನ್ನು ತಿಂಗಳ ಕೊನೆಯೊಳಗೆ ಆದಷ್ಟು ಬೇಗ ಸಲ್ಲಿಸಿ ಸಹಕರಿಸಬೇಕಾಗಿ ಕೋರಿಕೆ’ ಅನ್ನುವ ಮುಖ್ಯ ವಾಕ್ಯ ಹದಿನಾಲ್ಕನೇ ಸಾಲಿನಲ್ಲಿತ್ತು.

ಒಂದು ಸಲ ಮೇಂಟೆನೆನ್ಸ್ ಸೂಪರ್‌ವೈಸರ್ ಒಂದು ಫೈಲ್ ಪೂರ್ತಿ ಜೆರಾಕ್ಸ್ ತಂದು ಮೇಜಿನ ಮೇಲಿಟ್ಟರು. ಮುಕ್ಕಾಲು ಪಾಲು ಬಿಲ್ ಆಗಲೇ ನಮ್ಮ ಹತ್ತಿರ ಇದ್ದವು. ಕೇಳಿದರೆ, “ಬಾಕಿ ಬಿಲ್ ಅಂದ್ರೆ ಇನ್ನೂ ದುಡ್ಡು ಕೊಡದೇ ಇರೋದು ಅಲ್ವಾ ಮೇಡಂ? ವೆಂಡರ್ ದಿನಾ ಫೋನ್ ಮಾಡ್ತಾ ಇದಾರೆ, ಅದಕ್ಕೆ ತಂದೆ” ಅಂದರು. ಅವರದ್ದೇನು ತಪ್ಪು? ಕನ್ನಡದಲ್ಲಿ ಬಾಕಿ ಅಂದರೆ ಅದೇ ತಾನೆ. ನಮಗೆ ಬೇಕಿದ್ದದ್ದು ಅವರ ಡ್ರಾಯರ್‌ನಲ್ಲಿರುವ ಬಿಲ್. ಮೇಲಲ್ಲಿ ಕೇಳಿದ್ದು ಬೇರೆ. ಸಾಲದ್ದಕ್ಕೆ, ಒಂದು ಬಿಲ್‌ನ ನಂಬರ್ ಮೊದಲು MR/118 ಅಂತ ಎಂಟ್ರಿಯಾಗಿತ್ತು. ಜೆರಾಕ್ಸ್ ನೋಡಿ ನಮ್ಮ ಹುಡುಗ MR-118 ಅಂತ ಹಾಕಿದ. ಗೀಟು ಬೇರೆಯಾದ್ದರಿಂದ ಸಾಫ್ಟ್‌ವೇರ್ ತಡೆಯಲಿಲ್ಲ. ಎರಡು ಸಲ ಪೇಮೆಂಟ್ ಆಗುವುದು ಒಂದೇ ದಿನದ ಅಂತರದಲ್ಲಿ ತಪ್ಪಿತು.

ಆಮೇಲೆ ಮೇಲನ್ನು ಹೊಸದಾಗಿ ಬರೆಯಲು ಕೂತೆ. 2025ರ ಅಕ್ಟೋಬರ್ ತಿಂಗಳ ಮೇಲನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲ ಕೆಲಸ, ಕ್ಯಾಲೆಂಡರ್ ನೋಡುವುದು. ‘ತಿಂಗಳ ಕೊನೆ’ ಅನ್ನುವುದು ತಾರೀಕಲ್ಲ. ಆ ಸಲ 31 ಶುಕ್ರವಾರ. ಮಾರನೇ ದಿನ ರಾಜ್ಯೋತ್ಸವದ ರಜೆ, ಅದರ ಮಾರನೇ ದಿನ ಭಾನುವಾರ. 31ರ ಸಂಜೆ ಬಿಲ್ ಬಂದರೆ ಸೋಮವಾರದ ತನಕ ಅದನ್ನು ಮುಟ್ಟುವವರಿಲ್ಲ. ಎಂಟ್ರಿಗೆ, ತಪ್ಪಿದ್ದರೆ ವಾಪಸ್ ಕಳಿಸಿ ತರಿಸುವುದಕ್ಕೆ ಎರಡು ದಿನವಾದರೂ ಬೇಕು. ಹಾಗಾಗಿ 29, ಬುಧವಾರ, ಸಂಜೆ 4 ಗಂಟೆ ಅಂತ ಇಟ್ಟೆ. ತಾರೀಕು, ವಾರ, ಗಂಟೆ ಮೂರೂ ಇರಬೇಕು. ವಾರ ಬರೆಯುವುದರಿಂದ ಇನ್ನೊಂದು ಲಾಭ: ತಾರೀಕನ್ನು ತಪ್ಪಾಗಿ ಟೈಪ್ ಮಾಡಿದ್ದರೆ ಯಾರಾದರೂ ಒಬ್ಬರು ಹಿಡಿದೇ ಹಿಡಿಯುತ್ತಾರೆ.

ಎರಡನೆಯದು, ಕಾರಣಗಳನ್ನೆಲ್ಲ ಕಿತ್ತುಹಾಕುವುದು. ಹಳೆ ಮೇಲ್‌ನಲ್ಲಿ ಏಳು ಸಾಲು ಬರೀ ಕಾರಣ. ಟಿಡಿಎಸ್ ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಬಿಲ್ ಕೈಯಲ್ಲಿ ಇಲ್ಲದೆ ಜಿಎಸ್‌ಟಿ ಕ್ರೆಡಿಟ್ ತಗೊಳ್ಳೋಕೆ ಆಗಲ್ಲ, ಸಣ್ಣ ಉದ್ಯಮದವರಿಗೆ ದುಡ್ಡು ಕೊಡಲು ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಹೀಗೆ. ಎಲ್ಲವೂ ನಿಜ. ಅದರಲ್ಲೂ ಆ 45 ದಿನ ಶುರುವಾಗುವುದು ಮಾಲು ಒಪ್ಪಿಕೊಂಡ ದಿನದಿಂದ, ಬಿಲ್ ಅಕೌಂಟ್ಸ್‌ಗೆ ಬಂದ ದಿನದಿಂದ ಅಲ್ಲ. ಡ್ರಾಯರ್‌ನಲ್ಲಿ ಇಪ್ಪತ್ತು ದಿನ ಕೂತರೆ ನಮಗೆ ಉಳಿಯುವುದು ಇಪ್ಪತ್ತೈದೇ. ಆದರೆ ಇದು ನಮ್ಮ ತಲೆನೋವು. ಸ್ಟೋರ್ಸ್‌ನವರಿಗೆ ಬೇಕಾದದ್ದು ಏನು ಕೊಡಬೇಕು, ಯಾವಾಗ ಕೊಡಬೇಕು ಅಷ್ಟೇ. ಯಾರಾದರೂ ಯಾಕೆ ಅಂತ ಕೇಳಿದರೆ ಫೋನಲ್ಲಿ ಹೇಳಿದರಾಯಿತು.

ಮೂರನೆಯದರಲ್ಲಿ ನಾನು ತುಂಬಾ ದಿನ ಎಡವಿದ್ದೇನೆ. ಕೆಲಸ ಆಗಿದೆ, ಬಿಲ್ ಬಂದಿಲ್ಲ. ಆಗೇನು ಮಾಡಬೇಕು? ಹಳೆ ಮೇಲ್ ಇದರ ಸುದ್ದಿಯೇ ಎತ್ತುತ್ತಿರಲಿಲ್ಲ. ಹಾಗಾಗಿ ಬಿಲ್ ಇಲ್ಲದವರು ಸುಮ್ನಿರುತ್ತಿದ್ದರು. ಅಕ್ಟೋಬರ್‌ನಲ್ಲಿ ಮಾಡಿಸಿದ ಕೆಲಸದ ಖರ್ಚು ಅಕ್ಟೋಬರ್ ಲೆಕ್ಕಕ್ಕೇ ಬರಬೇಕು. ಬಿಲ್ ಇಲ್ಲದಿದ್ದರೆ ಅಂದಾಜು ಮೊತ್ತ ಹಾಕಿ ಪ್ರಾವಿಷನ್ ಮಾಡುತ್ತೇವೆ, ನವೆಂಬರ್ ಒಂದಕ್ಕೆ ಅದನ್ನು ತಿರುಗಿಸುತ್ತೇವೆ, ಅಂದರೆ ಅಷ್ಟೇ ಮೊತ್ತವನ್ನು ನವೆಂಬರ್ ಖರ್ಚಿನಿಂದ ಕಳೆಯುತ್ತೇವೆ, ಬಿಲ್ ಬಂದಾಗ ಎಂದಿನಂತೆ ಎಂಟ್ರಿ. ಇದಕ್ಕೆ ವಿಭಾಗದವರಿಂದ ಬೇಕಾದದ್ದು ಒಂದು ಸಾಲು ಉತ್ತರ ಮಾತ್ರ. ಆ ಅಂದಾಜಿಗೆ ಬಿಲ್‌ಗಿಂತ ಎರಡು ದಿನ ಜಾಸ್ತಿ ಟೈಮ್ ಕೊಡಬಹುದು, ಯಾಕೆಂದರೆ 30, 31ರಂದು ಆಗುವ ಕೆಲಸವೂ ಅದರಲ್ಲಿ ಸೇರಬೇಕು.

ಇಷ್ಟು ಗೊತ್ತಾದ ಮೇಲೆ ಮೇಲ್ ಹೀಗಾಯಿತು. ಅದರಲ್ಲಿ ಪಿಒ ಅಂದರೆ ಖರೀದಿ ಆರ್ಡರ್, ಜಿಆರ್‌ಎನ್ ಅಂದರೆ ಮಾಲು ಬಂದು ಸೇರಿದೆ ಅಂತ ಬರೆಯುವ ಚೀಟಿ:

ವಿಷಯ: ಅಕ್ಟೋಬರ್ ಬಿಲ್ – 29 ಬುಧವಾರ ಸಂಜೆ 4ರೊಳಗೆ ಅಕೌಂಟ್ಸ್‌ಗೆ

ಎಲ್ಲರಿಗೂ ನಮಸ್ಕಾರ.

ವೆಂಡರ್ ಕೊಟ್ಟು, ನೀವು ಇನ್ನೂ ಅಕೌಂಟ್ಸ್‌ಗೆ ಕೊಡದ ಬಿಲ್‌ಗಳನ್ನು ಅಕ್ಟೋಬರ್ 29, ಬುಧವಾರ ಸಂಜೆ 4ರೊಳಗೆ ಕೊಡಿ.

ಬಿಲ್ ಮೇಲೆ ಪಿಒ ನಂಬರ್ ಇರಲಿ. ಮಾಲಾದರೆ ಜಿಆರ್‌ಎನ್, ಕೆಲಸವಾದರೆ ಮುಗಿದಿದೆ ಅಂತ ನಿಮ್ಮ ಸಹಿ ಇರಲಿ.

31ರೊಳಗೆ ಆಗುವ ಕೆಲಸಕ್ಕೆ ಬಿಲ್ ಬಂದಿಲ್ಲ ಅಂದರೆ ವೆಂಡರ್ ಹೆಸರು, ಕೆಲಸ, ಜಿಎಸ್‌ಟಿ ಬಿಟ್ಟು ಅಂದಾಜು ಮೊತ್ತವನ್ನು 31, ಶುಕ್ರವಾರ ಮಧ್ಯಾಹ್ನ 12ರೊಳಗೆ ಈ ಮೇಲ್‌ಗೆ ಉತ್ತರವಾಗಿ ಕಳಿಸಿ.

ಈಗಾಗಲೇ ಕೊಟ್ಟ ಬಿಲ್ ಮತ್ತೆ ಕೊಡಬೇಡಿ.

29ರ ಸಂಜೆ 4ರ ನಂತರ ಬಂದ ಬಿಲ್ ನವೆಂಬರ್‌ನಲ್ಲಿ ಎಂಟ್ರಿಯಾಗುತ್ತದೆ.

ಏನೂ ಇಲ್ಲದಿದ್ದರೆ ‘ಇಲ್ಲ’ ಅಂತ ಉತ್ತರಿಸಿ.

ಆರು ವಿಷಯ, ಒಂದೊಂದಕ್ಕೂ ಬೇರೆ ಸಾಲು. ‘ಬಾಕಿ’ ಅನ್ನುವ ಮಾತೇ ಇಲ್ಲ. ವಿಷಯದ ಸಾಲಿನಲ್ಲೇ ತಾರೀಕು ಬಂದದ್ದರಿಂದ ಮೇಲ್ ತೆಗೆಯದವರಿಗೂ ಅದು ಗೊತ್ತಾಯಿತು. ಕೊನೆಯ ‘ಇಲ್ಲ’ ಸಣ್ಣದಾಗಿ ಕಾಣುತ್ತದೆ, ಆದರೆ ಉತ್ತರ ಬರದಿದ್ದರೆ ಬಿಲ್ ಇಲ್ಲವೋ, ಮೇಲೇ ಓದಿಲ್ಲವೋ ಹೇಳಲು ಬರುವುದಿಲ್ಲ.

ಮೇಲ್ ಕಳಿಸಿ ಸುಮ್ಮನೆ ಕೂರಬಾರದು. ಮಾಲಿನದ್ದು ಸುಲಭ: ಜಿಆರ್‌ಎನ್ ಆಗಿ ಬಿಲ್ ಬರದೇ ಇರುವ ಪಟ್ಟಿ ಸಾಫ್ಟ್‌ವೇರ್‌ನಲ್ಲೇ ಸಿಗುತ್ತದೆ. ಸರ್ವಿಸ್‌ಗೆ ಜಿಆರ್‌ಎನ್ ಇರುವುದಿಲ್ಲ, ಜಾಸ್ತಿ ತಪ್ಪುವುದೂ ಅಲ್ಲೇ. ಸೆಕ್ಯೂರಿಟಿ, ಕ್ಯಾಂಟೀನ್, ನೌಕರರ ಬಸ್ಸು, ಲಿಫ್ಟ್ ಸರ್ವಿಸ್. ಆಗಸ್ಟ್, ಸೆಪ್ಟೆಂಬರ್ ಎರಡರಲ್ಲೂ ಇದ್ದು ಅಕ್ಟೋಬರ್‌ನಲ್ಲಿ ಕಾಣದ ವೆಂಡರ್ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, 29ರ ಮಧ್ಯಾಹ್ನ ಆಯಾ ವಿಭಾಗಕ್ಕೆ ಫೋನ್ ಮಾಡುತ್ತೇನೆ.

ಆ ತಿಂಗಳು ಮೇಂಟೆನೆನ್ಸ್‌ನಿಂದ ಬಂದ ಉತ್ತರ ಹೀಗಿತ್ತು: ಮೋಟಾರ್ ರಿವೈಂಡಿಂಗ್, 24ಕ್ಕೆ ಮುಗಿದಿದೆ, ಬಿಲ್ ಬಂದಿಲ್ಲ, 44,840 ರೂಪಾಯಿ. ಅಂದಾಜಿನ ಕೊನೆಗೆ 840 ಯಾಕೆ ಬಂತು? ಕೊಟೇಶನ್ ನೋಡಿದರೆ ಕೆಲಸಕ್ಕೆ 38,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 6,840. ಈ ತೆರಿಗೆ ಬಿಲ್ ಬಂದಾಗ ನಮಗೆ ಕ್ರೆಡಿಟ್ ಆಗಿ ಸಿಗುತ್ತದೆ, ಖರ್ಚಲ್ಲ. ಹಾಗಾಗಿ ಪ್ರಾವಿಷನ್ 38,000ಕ್ಕೆ ಮಾತ್ರ. ಕ್ಯಾಂಟೀನ್‌ನಂಥ ಕೆಲವಕ್ಕೆ ಕ್ರೆಡಿಟ್ ಸಿಗದೇ ಇರಬಹುದು, ಆಗ ತೆರಿಗೆಯೂ ಖರ್ಚೇ. ಆ ಲೆಕ್ಕವನ್ನು ಅಕೌಂಟ್ಸ್‌ನವರೇ ನೋಡಿಕೊಳ್ಳಬೇಕು, ವಿಭಾಗದವರ ತಲೆಗೆ ಕಟ್ಟಬಾರದು.

ಬಿಲ್ ಕೈಗೆ ಸಿಕ್ಕಿದ್ದು ನವೆಂಬರ್ 6ಕ್ಕೆ. ಒಂದು ಬೇರಿಂಗ್ ಜಾಸ್ತಿ ಹಾಕಿದ್ದರಂತೆ, ತೆರಿಗೆ ಬಿಟ್ಟು 39,500. ತಿರುಗಿಸಿದ 38,000 ಕಳೆದು ನವೆಂಬರ್ ಮೇಲೆ ಬಿದ್ದದ್ದು 1,500 ರೂಪಾಯಿ. ಈ ಸಲ ಸೂಪರ್‌ವೈಸರ್ ತಂದಿದ್ದು ಒರಿಜಿನಲ್, ಒಂದೇ ಒಂದು ಹಾಳೆ.