ಹೆಸರು ಹೋದರೂ ಇನಿಷಿಯಲ್ ಉಳಿಯುತ್ತೆ

ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಸಿನಿಮಾ ಕ್ವಿಜ್ ಪ್ರಶ್ನೆ ಬರೆಯೋದು ನನ್ನ ಪಾಲಿನ ಕೆಲಸ. ‘ಇವರ ಮೂಲ ಹೆಸರೇನು?’ ಅನ್ನುವ ಸುತ್ತು ಜನಕ್ಕೆ ಬಲು ಇಷ್ಟ. ಒಂದು ವರ್ಷ ಅದರಲ್ಲೇ ಎಡವಿದೆ.

ಅಂಬರೀಶ್ ಬಗ್ಗೆ ಪ್ರಶ್ನೆ ಹಾಕಬೇಕಿತ್ತು. ಅವರು ಚುನಾವಣೆಗೆ ನಿಂತವರು, ಸರ್ಕಾರಿ ದಾಖಲೆಗಿಂತ ಗಟ್ಟಿ ಇನ್ನೇನಿದೆ ಅಂತ ಅಭ್ಯರ್ಥಿಗಳ ಪಟ್ಟಿ ನೋಡಿದೆ. ಎಂ.ಎಚ್. ಅಂಬರೀಶ್ ಅಂತಿತ್ತು. ಸರಿ, ಹುಟ್ಟು ಹೆಸರೂ ಇದೇ ಅಂದುಕೊಂಡು, ‘ಇವರಲ್ಲಿ ಹೆಸರು ಬದಲಾಯಿಸಿಕೊಳ್ಳದ ನಟ ಯಾರು?’ ಅಂತ ಪ್ರಶ್ನೆ ಮಾಡಿಬಿಟ್ಟೆ. ಉತ್ತರ ಹೇಳಿದ್ದೇ ತಡ, ಮುಂದಿನ ಸಾಲಲ್ಲಿದ್ದ ಮದ್ದೂರಿನ ಹಿರಿಯರೊಬ್ಬರು ಎದ್ದು ನಿಂತರು. ‘ಏನ್ ಸಾರ್ ಇದು? ಅವರು ಅಮರನಾಥ್. ಪಿಟೀಲು ಚೌಡಯ್ಯನವರ ಮೊಮ್ಮಗ. ನಮ್ಮ ಕಡೆ ಮಕ್ಕಳಿಗೂ ಗೊತ್ತು.’ ಸಭೆ ನಕ್ಕಿತು. ಎರಡು ತಂಡಗಳಿಗೆ ಅಂಕ ವಾಪಸ್ ಕೊಟ್ಟೆ.

ಮನೆಗೆ ಬಂದು ಆ ಪಟ್ಟಿಯನ್ನೇ ಮತ್ತೆ ನೋಡಿದಾಗ ಗೊತ್ತಾಯಿತು, ಸುಳಿವು ಅಲ್ಲೇ ಇತ್ತು. ಎಂ.ಎಚ್. ಬಿಡಿಸಿದರೆ ಮಳವಳ್ಳಿ ಹುಚ್ಚೇಗೌಡ, ಪೂರ್ತಿ ಹೆಸರು ಮಳವಳ್ಳಿ ಹುಚ್ಚೇಗೌಡ ಅಮರನಾಥ್. ಅಮರನಾಥ್ ಹೋಗಿ ಅಂಬರೀಶ್ ಬಂದರೂ ಮುಂದಿನ ಎಂ.ಎಚ್. ಕದಲಿಲ್ಲ. ನಮ್ಮ ಕಡೆ ಇನಿಷಿಯಲ್ ಅಂದರೆ ಊರು ಮತ್ತು ಅಪ್ಪ. ಸಿನಿಮಾದವರು ನಮ್ಮ ಹೆಸರು ಬದಲಾಯಿಸಬಹುದು, ಅಪ್ಪನ ಹೆಸರನ್ನಲ್ಲ, ಅಲ್ವಾ?

ಅಂದಿನಿಂದ ನಾನು ಮೊದಲು ಇನಿಷಿಯಲ್ ಹಿಡಿಯುತ್ತೇನೆ. ಪೋಸ್ಟರಿನಲ್ಲಿ ಇನಿಷಿಯಲ್ ಇಲ್ಲದಿದ್ದರೆ ಅಣ್ಣತಮ್ಮಂದಿರನ್ನು ನೋಡುತ್ತೇನೆ. ರಾಜ್‌ಕುಮಾರ್ ಹೆಸರಿನ ಮುಂದೆ ಅಕ್ಷರವಿಲ್ಲ. ಆದರೆ ಅವರ ತಮ್ಮ ಎಸ್.ಪಿ. ವರದಪ್ಪ. ಆ ಎಸ್.ಪಿ. ಬಿಡಿಸಿದರೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಇಬ್ಬರ ಅಪ್ಪ, ನಾಟಕದ ನಟ. ಅಲ್ಲಿಂದ ರಾಜ್‌ಕುಮಾರ್ ಅವರ ಮೂಲ ಹೆಸರು ಮುತ್ತುರಾಜನಿಗೆ ಒಂದೇ ಹೆಜ್ಜೆ. ಮುತ್ತತ್ತಿಯ ಆಂಜನೇಯ ಮುತ್ತತ್ತಿರಾಯನ ಮೇಲಿಟ್ಟ ಹೆಸರು ಅದು. ಹೀಗೆ ದೇವರು, ಊರು, ಅಪ್ಪ ಮೂರೂ ಒಂದಕ್ಕೊಂದು ತಾಳೆಯಾದರೆ ನನಗೆ ಧೈರ್ಯ ಬರುತ್ತೆ.

ಬದಲಾಯಿಸೋದು ಯಾಕೆ? ಒಂದೊಂದು ಹೆಸರಿಗೆ ಒಂದೊಂದು ಕಾರಣ. ನಾಟಕದ ಮುತ್ತುರಾಜನಿಗೆ 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಿರ್ದೇಶಕ ಎಚ್.ಎಲ್.ಎನ್. ಸಿಂಹ ನಾಯಕನಿಗೆ ಒಪ್ಪುವ ಹೆಸರು ಇಟ್ಟರು. ಬೆಂಗಳೂರಿನ ಶಿವಾಜಿ ರಾವ್ ತಮಿಳಿಗೆ ಹೋದಾಗ ಅಲ್ಲಿ ಶಿವಾಜಿ ಗಣೇಶನ್ ಆಗಲೇ ದೊಡ್ಡ ಹೆಸರು. ಹಾಗಾಗಿ ನಿರ್ದೇಶಕ ಬಾಲಚಂದರ್ ಈ ಶಿವಾಜಿಯನ್ನು ರಜನಿಕಾಂತ್ ಮಾಡಿದರು. ಗಾಯಕರ ಕತೆ ಸ್ವಲ್ಪ ಬೇರೆ. ಜಿ. ಸುಬ್ರಹ್ಮಣ್ಯಂ ಜನರ ಬಾಯಲ್ಲಿ ಶಿವಮೊಗ್ಗ ಸುಬ್ಬಣ್ಣ ಆದರು. ಸುಬ್ರಹ್ಮಣ್ಯ ಅನ್ನುವವರು ನಮ್ಮಲ್ಲಿ ಬೀದಿಗೊಬ್ಬರು, ಊರು ಸೇರಿದರೆ ಇವರೊಬ್ಬರೇ. ಅವರು ವಕೀಲರೂ ಆಗಿದ್ದರು. ಬೇರೆ ಕಸುಬು ಇದ್ದವರಿಗೆ ಹಳೇ ಹೆಸರು ಆ ಕಸುಬಿನ ಕಾಗದಗಳಲ್ಲಿ ಉಳಿದಿರುವ ಸಾಧ್ಯತೆ ಜಾಸ್ತಿ.

ನನಗೆ ಬಲು ಮಜಾ ಅನ್ನಿಸಿದ್ದು ಪುಟ್ಟಣ್ಣ ಕಣಗಾಲ್. 1972ರ ‘ನಾಗರಹಾವು’ ಹೊತ್ತಿಗೆ ಸಂಪತ್‌ಕುಮಾರನನ್ನು ವಿಷ್ಣುವರ್ಧನ ಮಾಡಿದವರು ಅವರೇ. ಆದರೆ ಅವರೇ ಹುಟ್ಟಿನಿಂದ ಪುಟ್ಟಣ್ಣ ಅಲ್ಲ, ಸೀತಾರಾಮ ಶರ್ಮ. ಎಸ್.ಆರ್. ಪುಟ್ಟಣ್ಣ ಅನ್ನುವಲ್ಲಿನ ಆರ್ ಅವರ ಅಪ್ಪ ರಾಮಸ್ವಾಮಯ್ಯ. ಕಣಗಾಲ್ ಅವರ ಊರು.

ಈ ದಾರಿಗೂ ಮಿತಿ ಇದೆ. ಇನಿಷಿಯಲ್ ಅಪ್ಪನವರೆಗೆ ಕರೆದೊಯ್ಯುತ್ತೆ, ಮಗನ ಹೆಸರು ಹೇಳಲ್ಲ. ಅದಕ್ಕೆ ಹೆಸರು ಬದಲಾಗುವ ಮುಂಚಿನದ್ದು ಏನಾದರೂ ಬೇಕು: ಮೊದಲ ಸಿನಿಮಾದ ಟೈಟಲ್ ಕಾರ್ಡ್, ಹಳೇ ಹಾಡಿನ ಪುಸ್ತಕ, ಇಲ್ಲಾ ಅವರೇ ಕೊಟ್ಟ ಸಂದರ್ಶನ. ಪುನೀತ್ ಬಾಲನಟನಾಗಿದ್ದಾಗಿನ ಕೆಲವು ಚಿತ್ರಗಳ ಟೈಟಲ್‌ನಲ್ಲಿ ಮಾಸ್ಟರ್ ಲೋಹಿತ್ ಅಂತಿತ್ತು, ಅಲ್ಲಿಗೆ ವಾದ ಮುಗಿಯಿತು. ಶಂಕರ್‌ನಾಗ್ ಥರದವರನ್ನು ನಾನು ಈ ಸುತ್ತಿಗೆ ಸೇರಿಸೋದೇ ಇಲ್ಲ. ಅದು ನಾಗರಕಟ್ಟೆ ಅನ್ನುವ ಮನೆತನದ ಹೆಸರನ್ನು ಕತ್ತರಿಸಿದ್ದು ಅಷ್ಟೇ. ಇನ್ನು ಮೂರು ವೆಬ್‌ಸೈಟಿನಲ್ಲಿ ಒಂದೇ ಹೆಸರಿದ್ದರೆ ಅದು ಮೂರು ಸಾಕ್ಷಿ ಅಲ್ಲ. ಸಾಲು ಸಾಲೇ, ಅಕ್ಷರದ ತಪ್ಪೂ ಸೇರಿ, ಒಂದೇ ಥರ ಇದ್ದರೆ ಒಂದರಿಂದ ಇನ್ನೊಂದು ನಕಲಾಗಿದೆ ಅಂತಲೇ ಲೆಕ್ಕ.

ಚುನಾವಣೆ ದಾಖಲೆ ಪೂರ್ತಿ ವ್ಯರ್ಥ ಅಂತಲ್ಲ. ರಮ್ಯಾ ಮಂಡ್ಯದಿಂದ ಸಂಸದೆಯಾದಾಗ ದಿವ್ಯ ಸ್ಪಂದನ ಅನ್ನುವ ಹೆಸರೂ ದಾಖಲೆಯಲ್ಲಿ ಬಂತು. ಆ ಕಾಗದ ಹೇಳೋದು ಈಗಿನ ಹೆಸರನ್ನು. ತೊಟ್ಟಿಲಲ್ಲಿ ಏನಂತ ಕರೆದರು ಅನ್ನೋದು ಅದರ ಕೆಲಸ ಅಲ್ಲ.

ಪ್ರಶ್ನೆಪತ್ರಿಕೆ ನೋಡಿದ ಕೆಲವರು ಪಕ್ಕಕ್ಕೆ ಕರೆದು, ‘ಪೂರ್ತಿ ಹೆಸರು ಸಿಕ್ಕಿದ್ರೆ ಯಾವ ಜನ ಅಂತ ಗೊತ್ತಾಗುತ್ತಲ್ಲ’ ಅಂತಾರೆ. ಅದಕ್ಕೇ, ತಾವಾಗಿ ಎಲ್ಲೂ ಹೇಳಿಕೊಳ್ಳದವರ ಹೆಸರನ್ನು ನಾನು ಕೆದಕೋದಿಲ್ಲ. ಮದ್ದೂರಿನ ಆ ಹಿರಿಯರು ಈಗ ಪ್ರತಿ ಅಕ್ಟೋಬರ್‌ನಲ್ಲಿ ನಮ್ಮನೆಗೆ ಬಂದು, ಕಾಫಿ ಕುಡಿದು, ಉತ್ತರಗಳನ್ನೆಲ್ಲ ಒಮ್ಮೆ ಓದಿ ಹೋಗುತ್ತಾರೆ.