ಎಷ್ಟು ಚೀಲ ಆಗುತ್ತದೆ? ಗೋವಿನಜೋಳದ ಹೊಲದಲ್ಲಿ ಡ್ರೋನ್ ಮತ್ತು ತಕ್ಕಡಿ

ನಮ್ಮ ರಾಣೆಬೆನ್ನೂರು ಸೀಮೆಯಲ್ಲಿ ಮೆಕ್ಕೆಜೋಳಕ್ಕೆ ಗೋವಿನಜೋಳ ಎನ್ನುತ್ತೇವೆ. ಮೂರು ಮುಂಗಾರುಗಳಿಂದ ನಾನು ಸುತ್ತಲಿನ ರೈತರಿಗೆ ಅದರ ಇಳುವರಿಯನ್ನು ಕೊಯ್ಲಿಗೆ ಮೊದಲೇ ಅಂದಾಜು ಮಾಡಿಕೊಡುತ್ತಿದ್ದೇನೆ. ಮೊದಲ ವರ್ಷ ನಾನು ಕೊಟ್ಟದ್ದು ಬಣ್ಣದ ನಕ್ಷೆ ಮಾತ್ರ. ಚೆನ್ನಾಗಿರುವ ಕಡೆ ಹಸಿರು, ಸೊರಗಿದ ಕಡೆ ಕೆಂಪು. ಒಬ್ಬ ಹಿರಿಯರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ತಮ್ಮಾ, ಈ ಕೆಂಪು ಎಲ್ಲಿದೆ ಎಂದು ನನಗೆ ಗೊತ್ತು. ಅಲ್ಲಿ ನೀರು ನಿಲ್ಲುತ್ತದೆ. ಒಟ್ಟು ಎಷ್ಟು ಚೀಲ ಆಗುತ್ತದೆ, ಅದನ್ನು ಹೇಳು” ಎಂದರು.

ಅವರು ಕೇಳಿದ್ದು ನ್ಯಾಯವಾಗಿತ್ತು. ಚೀಲ ಎಷ್ಟು ತರಬೇಕು, ಒಕ್ಕುವ ಯಂತ್ರವನ್ನು ಎಷ್ಟು ಹೊತ್ತಿಗೆ ಗೊತ್ತುಮಾಡಬೇಕು, ಅಂಗಡಿಯ ಸಾಲದಲ್ಲಿ ಎಷ್ಟು ತೀರುತ್ತದೆ ಎಂಬುದೆಲ್ಲ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ. ಡ್ರೋನಿನ ಚಿತ್ರದಿಂದ ನೇರವಾಗಿ ಆ ಸಂಖ್ಯೆ ಬರುವುದಿಲ್ಲ. ಹೊಲದಲ್ಲಿ ಎಲ್ಲಿ ನಿಂತು ತೆನೆ ಕೊಯ್ದು ತೂಗಬೇಕು ಎಂಬುದನ್ನು ಮಾತ್ರ ಚಿತ್ರ ಹೇಳುತ್ತದೆ. ನನ್ನ ಸೇವೆ ನಿಂತಿರುವುದೇ ಇದರ ಮೇಲೆ.

ನನ್ನಲ್ಲಿರುವುದು 250 ಗ್ರಾಂ ಒಳಗಿನ ಪುಟ್ಟ ಡ್ರೋನ್, ಸಾಮಾನ್ಯ ಕ್ಯಾಮೆರಾದ್ದು. 2021ರ ಡ್ರೋನ್ ನಿಯಮಗಳ ಪ್ರಕಾರ ಈ ತೂಕದ ನ್ಯಾನೋ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಅದಕ್ಕಿಂತ ದೊಡ್ಡದನ್ನು ದುಡಿಮೆಗೆ ಬಳಸುವುದಾದರೆ ಬೇಕು. ಉಪಗ್ರಹದ ಚಿತ್ರ ಪುಕ್ಕಟೆ ಸಿಗುವಾಗ ಡ್ರೋನ್ ಏಕೆ ಎಂದು ಕೆಲವರು ಕೇಳುತ್ತಾರೆ. ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಐದು ದಿನಕ್ಕೊಮ್ಮೆ ಸಿಗುತ್ತದೆ, ನಿಜ. ಆದರೆ ಜುಲೈ, ಆಗಸ್ಟ್ ತಿಂಗಳಲ್ಲಿ ನಮ್ಮ ಆಕಾಶದ ತುಂಬ ಮೋಡ. ನಮಗೆ ಬೇಕಾದ ವಾರದಲ್ಲಿಯೇ ಹೊಲ ಕಾಣಿಸುವುದಿಲ್ಲ. ಡ್ರೋನ್ ಮೋಡದ ಕೆಳಗೆ ಹಾರುತ್ತದೆ, ಮೇಲಾಗಿ ಸಮನಾದ ಮೋಡವಿದ್ದರೆ ನೆರಳು ಬೀಳದೆ ಚಿತ್ರ ಇನ್ನೂ ಚೆನ್ನಾಗಿ ಬರುತ್ತದೆ.

ಹಾರಿಸುವುದು ಬಿತ್ತನೆಯಾಗಿ ಸುಮಾರು 45 ದಿನಕ್ಕೆ, ಸೂಲಂಗಿ ಹೊರಬರುವ ಮೊದಲು. ಸೂಲಂಗಿ ಬಂದ ಮೇಲೆ ಅದರ ಹಳದಿ ಎಲೆಯ ಹಸಿರನ್ನು ಮುಚ್ಚಿ, ಒಳ್ಳೆಯ ಬೆಳೆಯೂ ಸೊರಗಿದಂತೆ ಕಾಣುತ್ತದೆ. 30 ಮೀಟರ್ ಎತ್ತರದಲ್ಲಿ, ಒಂದು ಚಿತ್ರ ಮತ್ತೊಂದರ ಮುಕ್ಕಾಲು ಭಾಗವನ್ನು ಹೊದ್ದುಕೊಳ್ಳುವಂತೆ ಸಾಲು ಹಿಡಿದು ಹೋಗುತ್ತೇನೆ. ಕ್ಯಾಮೆರಾದ ಬೆಳಕಿನ ಹೊಂದಾಣಿಕೆಯನ್ನು ತಾನೇ ಬದಲಾಗದಂತೆ ಕಟ್ಟಿಹಾಕುವುದು ಮುಖ್ಯ. ಮೊದಲ ವರ್ಷ ಅದನ್ನು ಬಿಟ್ಟಿದ್ದರಿಂದ ನಕ್ಷೆಯ ಮೇಲೆ ಡ್ರೋನ್ ಹೋದ ದಾರಿಯಲ್ಲಿಯೇ ಪಟ್ಟೆಗಳು ಮೂಡಿದ್ದವು. ಬೆಳೆಯ ವ್ಯತ್ಯಾಸ ಹೀಗೆ ಡ್ರೋನಿನ ದಾರಿಯನ್ನೇ ಹಿಡಿದು ಪಟ್ಟೆಯಾಗಿ ಬರುವುದು ಅಪರೂಪ. ಬಂದರೆ ತಪ್ಪು ಬಹುಶಃ ಕ್ಯಾಮೆರಾದ್ದು.

ಚಿತ್ರಗಳನ್ನು WebODM ಎಂಬ ಉಚಿತ ತಂತ್ರಾಂಶದಲ್ಲಿ ಹೊಲಿದು ಒಂದೇ ದೊಡ್ಡ ಚಿತ್ರ ಮಾಡುತ್ತೇನೆ. ಆಮೇಲೆ QGIS ಎಂಬ ನಕ್ಷೆಯ ತಂತ್ರಾಂಶ ತೆರೆದು, ಅದರ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಹಸಿರಿನ ಸೂಚ್ಯಂಕ ಲೆಕ್ಕಹಾಕಲು ಈ ಸಾಲು ಸಾಕು:

```
("odm_orthophoto@2" - "odm_orthophoto@1") / ("odm_orthophoto@2" + "odm_orthophoto@1" - "odm_orthophoto@3")
```

ಇಲ್ಲಿ 1 ಕೆಂಪು, 2 ಹಸಿರು, 3 ನೀಲಿ. ಫಲಿತಾಂಶವನ್ನು ಮೂರು ತುಂಡಾಗಿ ವಿಂಗಡಿಸುತ್ತೇನೆ: ಚೆನ್ನಾದದ್ದು, ಮಧ್ಯಮ, ಸೊರಗಿದ್ದು. ಪ್ರತಿ ತುಂಡಿನ ವಿಸ್ತೀರ್ಣವನ್ನು ತಂತ್ರಾಂಶವೇ ಹೇಳುತ್ತದೆ. ಇಷ್ಟಾದ ಮೇಲೆ ಹೊಲದಲ್ಲಿ ಒಮ್ಮೆ ನಡೆದು ನೋಡಲೇಬೇಕು, ಏಕೆಂದರೆ ಸೂಚ್ಯಂಕಕ್ಕೆ ಕಳೆಯೂ ಹಸಿರೇ. ಎಡೆಕುಂಟೆ ಹೊಡೆಯದ ಮೂಲೆಯೊಂದು ನಕ್ಷೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದುಂಟು. ಸುಳಿಯೊಳಗೆ ಕುಳಿತ ಸೈನಿಕ ಹುಳುವೂ ಮೇಲಿನಿಂದ ಕಾಣುವುದಿಲ್ಲ, ಅದನ್ನು ಕಣ್ಣಿನಿಂದಲೇ ಹುಡುಕಬೇಕು.

ಎರಡನೆಯ ಭೇಟಿ ಕಾಳು ಬಲಿತ ಮೇಲೆ. ತೆನೆಯ ನಡುವಿನಿಂದ ಒಂದು ಕಾಳು ಕಿತ್ತು, ಅದರ ಚೂಪು ತುದಿಯನ್ನು ಉಗುರಿನಿಂದ ಕೆರೆದರೆ ಕಪ್ಪು ಪದರ ಕಾಣಬೇಕು. ಕಂಡರೆ ಕಾಳು ಇನ್ನು ತುಂಬುವುದಿಲ್ಲ ಎಂದರ್ಥ. ಅದಾಗಿ ಒಂದೆರಡು ವಾರ ಒಣಗಲು ಬಿಟ್ಟು ಹೋಗುತ್ತೇನೆ. ಸಾಲಿನಿಂದ ಸಾಲಿಗೆ 60 ಸೆಂ.ಮೀ. ಇದ್ದರೆ, ಒಂದು ಸಾಲಿನಲ್ಲಿ 6.75 ಮೀಟರ್ ಅಳೆದರೆ ಅದು ಎಕರೆಯ ಸಾವಿರದ ಒಂದು ಭಾಗ. ಆ ಉದ್ದದ ಎಲ್ಲ ತೆನೆ ಮುರಿದು, ಕಾಳು ಬಿಡಿಸಿ ತೂಗಿದರೆ, ಬಂದ ಪ್ರತಿ ಕೆ.ಜಿ.ಗೆ ಎಕರೆಗೆ ಹತ್ತು ಕ್ವಿಂಟಲ್. ಪ್ರತಿ ತುಂಡಿನಲ್ಲಿ ಎರಡು ಕಡೆ ಹೀಗೆ ಕೊಯ್ದು ಸರಾಸರಿ ಹಿಡಿಯುತ್ತೇನೆ. ಬದುವಿನ ಪಕ್ಕದ ಮೊದಲ ನಾಲ್ಕು ಸಾಲುಗಳನ್ನು ಮುಟ್ಟುವುದಿಲ್ಲ, ಅಲ್ಲಿ ಬಿಸಿಲು ಹೆಚ್ಚು, ತೆನೆಯೂ ದಪ್ಪ.

ಕಳೆದ ಹಂಗಾಮಿನಲ್ಲಿ ಆ ಹಿರಿಯರದೇ ನಾಲ್ಕು ಎಕರೆ ಹೊಲದ ಲೆಕ್ಕ ಹೇಳುತ್ತೇನೆ. ನಕ್ಷೆಯಲ್ಲಿ ಚೆನ್ನಾದದ್ದು 1.9 ಎಕರೆ, ಮಧ್ಯಮ 1.3, ಸೊರಗಿದ್ದು 0.8. ಕಾಳಿನ ತೂಕ ಕ್ರಮವಾಗಿ 3.0, 2.4 ಮತ್ತು 1.2 ಕೆ.ಜಿ. ಬಂತು. ತೇವಾಂಶ 22 ಶೇಕಡಾ ಇತ್ತು. ರೈತರು ಮಾರುವುದು ಒಣಗಿಸಿದ ಕಾಳನ್ನು, ಆದ್ದರಿಂದ 14 ಶೇಕಡಾಕ್ಕೆ ಇಳಿಸಲು ನೂರರಲ್ಲಿ 22 ಕಳೆದು ಉಳಿಯುವ 78ರಿಂದ ಪ್ರತಿ ತೂಕವನ್ನೂ ಗುಣಿಸಿ, 14 ಕಳೆದು ಉಳಿಯುವ 86ರಿಂದ ಭಾಗಿಸಿದೆ. ಎಕರೆಗೆ ಸುಮಾರು 27, 22 ಮತ್ತು 11 ಕ್ವಿಂಟಲ್ ಆಯಿತು. ಅವುಗಳನ್ನು ಆಯಾ ವಿಸ್ತೀರ್ಣದಿಂದ ಗುಣಿಸಿ ಕೂಡಿದಾಗ ಒಟ್ಟು 89 ಕ್ವಿಂಟಲ್. ರಸ್ತೆಯ ಬದಿಯ ಒಳ್ಳೆಯ ಬೆಳೆಯನ್ನಷ್ಟೇ ನೋಡಿ ಹೇಳಿದ್ದರೆ 108 ಎನ್ನುತ್ತಿದ್ದೆ.

ಒಕ್ಕಿ ಒಣಗಿಸಿ ತೂಗಿದಾಗ ಬಂದದ್ದು 83. ಆ ಆರು ಕ್ವಿಂಟಲ್ ಎಲ್ಲಿ ಹೋಯಿತು ಎಂದು ನಾನು ಅವರೊಡನೆ ಹೊಲ ಸುತ್ತಿದೆ. ಎತ್ತು, ಟ್ರ್ಯಾಕ್ಟರ್ ತಿರುಗುವ ಜಾಗವನ್ನು ನಾನು ಬೆಳೆಯೆಂದೇ ಎಣಿಸಿದ್ದೆ. ಬಿದ್ದ ದಂಟಿನ ತೆನೆಗಳನ್ನು ಆಳುಗಳು ಬಿಟ್ಟಿದ್ದರು, ನಾನು ಮಾತ್ರ ಒಂದನ್ನೂ ಬಿಡದೆ ಆರಿಸಿದ್ದೆ. ಆಗಿನಿಂದ ತಿರುವಿನ ಜಾಗವನ್ನು ನಕ್ಷೆಯಲ್ಲಿಯೇ ಕತ್ತರಿಸುತ್ತೇನೆ. ಸಂಖ್ಯೆಯನ್ನೂ ಒಂದೇ ಆಗಿ ಹೇಳದೆ, “80ರಿಂದ 90ರ ನಡುವೆ” ಎಂದು ಹೇಳುತ್ತೇನೆ.

ಸೊರಗಿದ ಆ 0.8 ಎಕರೆಗೆ ಕಾರಣ ಹುಡುಕಲು ಮಣ್ಣಿನ ತೇವಾಂಶದ ಅಗ್ಗದ ಸೆನ್ಸರ್ ಬಳಸಿದ್ದೆ. ಕೆಪ್ಯಾಸಿಟಿವ್ ಬಗೆಯದು, ESP32 ಎಂಬ ಚಿಕ್ಕ ಬೋರ್ಡಿಗೆ ಜೋಡಿಸಿದ್ದು. ಅದರ ಅಂಚಿನಿಂದ ನೀರು ಒಳಸೇರಿ ಕೆಲವೇ ವಾರಗಳಲ್ಲಿ ಅದು ತೋರಿಸುವ ಅಂಕಿ ಕೆಡುತ್ತದೆ, ಅದಕ್ಕೆ ಅಂಚಿನ ಸುತ್ತ ಎಪಾಕ್ಸಿ ಬಳಿಯಬೇಕು. ಎರೆ ಭೂಮಿಯಲ್ಲಿ ಇನ್ನೂ ಒಂದು ತೊಂದರೆಯಿದೆ. ಮಣ್ಣು ಒಣಗಿ ಬಿರಿದಾಗ ಸೆನ್ಸರಿಗೂ ಮಣ್ಣಿಗೂ ನಡುವೆ ಗಾಳಿ ಸೇರಿ, ಅದು ತೋರಿಸುವ ತೇವಾಂಶ ಒಂದೇ ದಿನದಲ್ಲಿ ಧಡಕ್ಕನೆ ಕೆಳಗಿಳಿಯುತ್ತದೆ. ಬೇರು ನೀರು ಹೀರಿದರೆ ದಿನದಿಂದ ದಿನಕ್ಕೆ ನಿಧಾನವಾಗಿ ಇಳಿಯುತ್ತದೆ. ಹೀಗೆ ಒಮ್ಮೆಗೇ ಬಿದ್ದರೆ ಸೆನ್ಸರನ್ನು ಕಿತ್ತು, ಕೆಸರು ಕಲಸಿ ಮತ್ತೆ ಹೂಳುತ್ತೇನೆ.

ಆ ಹೊಲದಲ್ಲಿ 20 ಸೆಂ.ಮೀ. ಆಳದಲ್ಲಿ ಒಂದನ್ನು ಚೆನ್ನಾದ ತುಂಡಿನಲ್ಲಿ, ಇನ್ನೊಂದನ್ನು ಸೊರಗಿದ ಕಡೆ ಹೂಳಿದ್ದೆ. ಜುಲೈ ಮಳೆ ನಿಂತು ಮೂರನೆಯ ದಿನಕ್ಕೆ ಮೊದಲನೆಯದು ಇಳಿಯತೊಡಗಿತು. ಎರಡನೆಯದು ಒಂಬತ್ತು ದಿನ ಅಲುಗಲಿಲ್ಲ. ಅಷ್ಟು ದಿನ ಬೇರಿಗೆ ಉಸಿರಿಲ್ಲ, ಆ ವಾರ ಹಾಕಿದ ಯೂರಿಯಾವೂ ಬಹುಪಾಲು ವ್ಯರ್ಥ. ಹಿರಿಯರು ಮೊದಲೇ ಹೇಳಿದ್ದ ನೀರೇ ಅದು. ಅದರಿಂದ ಎಷ್ಟು ನಷ್ಟ ಎಂಬುದು ಈಗ ಗೊತ್ತಾಯಿತು: ಮಧ್ಯಮ ಬೆಳೆಯ ಮಟ್ಟಕ್ಕೆ ಬಂದಿದ್ದರೂ ಸುಮಾರು ಒಂಬತ್ತು ಕ್ವಿಂಟಲ್ ಹೆಚ್ಚು ಸಿಗುತ್ತಿತ್ತು. ಬೇಸಿಗೆಯಲ್ಲಿ ಅವರು ಆ ತಗ್ಗಿನಿಂದ ಹಳ್ಳದವರೆಗೆ ಬಸಿಗಾಲುವೆ ತೋಡಿಸಿದರು. ಈ ಸಲವೂ ಸೆನ್ಸರುಗಳನ್ನು ಅದೇ ಎರಡು ಜಾಗಗಳಲ್ಲಿ ಹೂಳಿದ್ದೇನೆ.