ಆಂಬುಲೆನ್ಸ್ ಬರುವ ಮುನ್ನವೇ ಮೈ ತಣಿಸಿದ್ದು: ಡಾಂಬರು ಕೆಲಸದ ಬಿಸಿಲಿನಲ್ಲಿ ನನ್ನ ಅನುಭವ

ರಾಯಚೂರು ಜಿಲ್ಲೆಯ ಹೆದ್ದಾರಿ ಕಾಮಗಾರಿಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ಹಲವು ಬೇಸಿಗೆಗಳನ್ನು ಕಳೆದಿದ್ದೇನೆ. ಬಿಸಿಲು ಬಡಿದವನನ್ನು ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು ಎಂದು ನಾನು ಹೇಳಿದಾಗಲೆಲ್ಲ ಗುತ್ತಿಗೆದಾರರಿಂದ ಹಿಡಿದು ಮುಕಾದಮನವರೆಗೆ ಎಲ್ಲರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. "ಕಾದ ಮೈಗೆ ಐಸ್ ನೀರು ಬಿದ್ದರೆ ಜೀವ ಹೋಗುತ್ತದೆ, ಸಾಹೇಬರೇ" ಎಂಬುದೇ ಅವರ ಉತ್ತರವಾಗಿತ್ತು. ಕಳೆದ ಮೇ ತಿಂಗಳ ಘಟನೆಯ ನಂತರ ಆ ಮಾತು ನಿಂತಿದೆ.

ಡಾಂಬರು ಹಾಸುವ ಪೇವರ್ ಯಂತ್ರದ ಹಿಂದೆ ರೇಕ್ ಹಿಡಿಯುವವರಿಗೆ ಮೇಲಿನ ಬಿಸಿಲಿನ ಜೊತೆಗೆ ಕಾಲ ಕೆಳಗಿನ ಡಾಂಬರಿನ ಕಾವೂ ಸೇರುತ್ತದೆ. ಆ ಮಧ್ಯಾಹ್ನ ಒಬ್ಬ ಯುವಕ ಹಾಸಿ ಮುಗಿದ ಜಾಗವನ್ನೇ ಮತ್ತೆ ಮತ್ತೆ ಕೆರೆಯತೊಡಗಿದ. ಕರೆದರೆ ಸಿಟ್ಟಿನಿಂದ ಬೈದ, ತನ್ನ ಊರಿನ ಹೆಸರು ಕೇಳಿದರೆ ತಡವರಿಸಿದ. ಅಂಗಿ ಬೆವರಿನಿಂದ ತೊಯ್ದಿತ್ತು. ಬೆವರುತ್ತಿದ್ದಾನೆ, ಆದ್ದರಿಂದ ಬರೀ ಸುಸ್ತು ಎಂದು ಸುತ್ತಲಿನವರು ಹೇಳಿದರು. ದುಡಿಯುವಾಗಲೇ ಬಿಸಿಲು ಬಡಿದವರಲ್ಲಿ ಬೆವರು ನಿಲ್ಲಲೇಬೇಕೆಂದಿಲ್ಲ. ಮಾತು ಮತ್ತು ನಡತೆ ಕೆಟ್ಟಿದ್ದರೆ ನನಗೆ ಅಷ್ಟೇ ಸಾಕು.

ಒಳಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಜೊತೆಗೆ ಮಿದುಳಿನ ತೊಂದರೆಯ ಲಕ್ಷಣ ಕಂಡರೆ ಅದು ಉಷ್ಣಾಘಾತ. ಈ ಲೆಕ್ಕಕ್ಕೆ ಗುದದ್ವಾರದ ಥರ್ಮಾಮೀಟರ್ ಒಂದೇ ನಂಬಿಕೆಗೆ ಅರ್ಹ. ಪರದೆ ಹಿಡಿಸಿ ಮೆತ್ತನೆಯ ತಂತಿಯ ಪ್ರೋಬ್ ಹಾಕಿದಾಗ 41.3 ಬಂತು, ಅದೇ ಕ್ಷಣದಲ್ಲಿ ಕಂಕುಳಲ್ಲಿಟ್ಟದ್ದು 38ರ ಆಸುಪಾಸಿನಲ್ಲಿತ್ತು. ಹಣೆಗೆ ಹಿಡಿಯುವ ಗನ್ ಇನ್ನೂ ಕಡಿಮೆ ತೋರಿಸಿತು. ಪ್ರೋಬ್ ಇಲ್ಲದ ತಂಡಗಳು ಅಳತೆಗಾಗಿ ಕಾಯಬಾರದು. ಬಿಸಿಲಿನಲ್ಲಿ ದುಡಿಯುತ್ತಿದ್ದವನ ಬುದ್ಧಿ ಮಂಕಾಗಿದ್ದರೆ ತಣಿಸಲು ಶುರುಮಾಡಬೇಕು.

ನಾನು ಬಳಸುವುದು ತಾಡಪತ್ರಿ. ರೋಗಿಯನ್ನು ಅದರ ಮಧ್ಯೆ ಮಲಗಿಸಿ, ನಾಲ್ಕೈದು ಜನ ಅಂಚುಗಳನ್ನು ತೊಟ್ಟಿಯಂತೆ ಎತ್ತಿ ಹಿಡಿಯುತ್ತಾರೆ. ಸುಮಾರು 120 ಲೀಟರ್ ನೀರು, ಒಡೆದ ಐಸ್ 25 ಕಿಲೋ. ಒಬ್ಬನು ತಲೆಯ ಬಳಿಯೇ ಕುಳಿತು ಮುಖ ನೀರಿನಿಂದ ಮೇಲಿರುವಂತೆ ಹಿಡಿದಿರುತ್ತಾನೆ, ಉಳಿದವರು ಅಂಚನ್ನು ಆ ಕಡೆ ಈ ಕಡೆ ತೂಗುತ್ತಾರೆ. ತೂಗದಿದ್ದರೆ ಚರ್ಮಕ್ಕೆ ಅಂಟಿದ ನೀರು ಬೆಚ್ಚಗಾಗಿ ಅಲ್ಲೇ ನಿಲ್ಲುತ್ತದೆ, ಇಡೀ ಶ್ರಮ ವ್ಯರ್ಥ.

ಇದಕ್ಕೆ ಮುಂಚಿನ ಪ್ರಯತ್ನಗಳು ಹಣವನ್ನೂ ತಾಳ್ಮೆಯನ್ನೂ ತಿಂದವು. ಅಗ್ಗದ ತಾಡಪತ್ರಿಗಳ ಅಂಚಿನಲ್ಲಿ ಹಗ್ಗ ಪೋಣಿಸುವ ಕಣ್ಣುಗಳು ಅಭ್ಯಾಸದಲ್ಲೇ ಹರಿದವು. ಈಗ ದಪ್ಪನೆಯದಕ್ಕೆ ಸುಮಾರು 1,500 ರೂಪಾಯಿ ಕೊಡುತ್ತೇನೆ, ಕಣ್ಣಿಗೆ ಕೈ ಹಾಕದೆ ಅಂಚನ್ನೇ ಸುತ್ತಿ ಹಿಡಿಯಲು ಕಲಿಸಿದ್ದೇನೆ. ಬಿಸಿಲಿನಲ್ಲಿ ನಿಂತ ಟ್ಯಾಂಕರಿನ ನೀರು ಮಧ್ಯಾಹ್ನಕ್ಕೆ ಬೆಚ್ಚಗಿರುವುದರಿಂದ ಐಸ್ ಇಲ್ಲದೆ ಕೆಲಸ ನಿಧಾನ. ಐಸ್‌ಗೆ ದಿನಕ್ಕೆ 200 ರೂಪಾಯಿಯಷ್ಟು ಖರ್ಚು ಬಂತು, ಅದನ್ನು ದಂಡವೆಂದು ಲೆಕ್ಕದವರು ಎರಡು ಬಾರಿ ಕತ್ತರಿಸಿದರು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಾತ್ರ ಐಸ್ ಇಟ್ಟು ನೋಡಿದ್ದೆ. ಇಳಿತ ಬಹಳ ಮಂದ. ಒದ್ದೆ ಬಟ್ಟೆ ಹೊದಿಸಿ ಜನರೇಟರ್ ಫ್ಯಾನ್ ಹಾಕುವುದು ನಮ್ಮ ಒಣ ಹವೆಯಲ್ಲಿ ತಕ್ಕಮಟ್ಟಿಗೆ ಫಲಿಸುತ್ತದೆ, ಕರಾವಳಿಯ ತೇವದ ಹವೆಯಲ್ಲಿ ಅದನ್ನು ನಂಬಬಾರದು. ಪೆಟ್ಟಿಗೆಯ ಐಸ್ ಸಂಜೆಯವರೆಗೆ ಕರಗದಂತೆ ನಾನು ಹೇಗೆ ಇಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಕೈಚಳಕ.

108ಕ್ಕೆ ಕರೆ ಹೋದಾಗಲೇ ತೂಗಾಟವೂ ಶುರುವಾಗಿತ್ತು. ಯಾರೋ ನಿಂಬೆ ಶರಬತ್ತು ತಂದರು, ಇನ್ನೊಬ್ಬರು ಪ್ಯಾರಾಸಿಟಮಾಲ್ ತೆಗೆದರು, ಎರಡನ್ನೂ ತಡೆದೆ. ಎಚ್ಚರ ಮಂಕಾದವನಿಗೆ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯಬಹುದು. ಆ ಮಾತ್ರೆ ಇಂಥ ಉಷ್ಣವನ್ನು ಇಳಿಸುವುದಿಲ್ಲ, ಆಗಲೇ ಪೆಟ್ಟು ತಿಂದಿರುವ ಯಕೃತ್ತಿಗೆ ಇನ್ನಷ್ಟು ಹೊರೆಯಾಗುತ್ತದೆ. ಐದಾರು ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಯುತ್ತ, ಸುಮಾರು ಹದಿನಾಲ್ಕು ನಿಮಿಷಕ್ಕೆ 38.9 ತೋರಿಸಿದಾಗ ನೀರು ಚೆಲ್ಲಿಸಿ ಮೈ ಒರೆಸಿದೆವು. ಅದಕ್ಕಿಂತ ಮುಂದುವರಿಸಬಾರದು, ಏಕೆಂದರೆ ಹೊರತೆಗೆದ ಮೇಲೂ ಒಳಮೈ ಕೆಲಹೊತ್ತು ಇಳಿಯುತ್ತಲೇ ಇರುತ್ತದೆ. ಅಷ್ಟರಲ್ಲಿ ಅವನು ನಡುಗುತ್ತ, ಮುಕಾದಮನ ಹೆಸರು ಹಿಡಿದು ಕರೆದು, ತನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ. ಆಂಬುಲೆನ್ಸ್ ಬಂದದ್ದು ಅರ್ಧ ಗಂಟೆ ಕಳೆದ ಮೇಲೆ. ತಣಿಸದೆ ಕಾದಿದ್ದರೆ ಅಷ್ಟೂ ಹೊತ್ತು ಆ ಕಾವು ಅವನ ಒಳಗೇ ಇರುತ್ತಿತ್ತು.

ಎಚ್ಚರವಾಯಿತೆಂದು ಆಸ್ಪತ್ರೆಗೆ ಕಳಿಸದೆ ಬಿಡಲು ಗುತ್ತಿಗೆದಾರರು ಒತ್ತಾಯಿಸಿದರು, ನಾನು ಒಪ್ಪಲಿಲ್ಲ. ಯಕೃತ್ತು ಮತ್ತು ಮೂತ್ರಪಿಂಡದ ಹಾನಿ ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳಬಹುದು. ರಕ್ತ ಪರೀಕ್ಷೆಗಳು ಸರಿಯಾಗಿ ಬಂದು, ವೈದ್ಯರು ಬರೆದುಕೊಟ್ಟ ನಂತರವೇ ಅವನನ್ನು ಮರಳಿ ಸೇರಿಸಿಕೊಂಡೆವು. ಮೊದಲಿಗೆ ಪೇವರ್ ಹಿಂದೆ ಅಲ್ಲ, ಬೆಳಗಿನ ಪಾಳಿಯಲ್ಲಿ, ನೆರಳಿನ ಕೆಲಸಕ್ಕೆ.